ಹೇನಿನ ಫೋಟೋ ತೆಗೆದದ್ದು

ನಾನು ನಿಂತಿದ್ದು ಕೊಪ್ಪಳದ ನಮ್ಮ ಮನೆಯ ಹಿತ್ತಲಿನಲ್ಲಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಮಾಡಿ, ಕಲ್ಲುಕಟ್ಟೆಯ ಮಗ್ಗುಲಿಗೆ. ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲೊಂದು. ಸಂಕ್ರಾಂತಿ ಮುಗಿದು ಬಿಳಿಜೋಳ ತೆನೆ ಕಟ್ಟಿತ್ತು. ಬಿಸಿಲು ಪಕ್ಕದ ಮನೆಯ ಮಾಳಿಗೆ ದಾಟಿ ನಮ್ಮ ಕಟ್ಟೆಯ ಮೇಲೆ ಆಗಷ್ಟೇ ಇಳಿದಿತ್ತು. ನನ್ನ ತಲೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿತ್ತು. ಆದ್ದರಿಂದ ಸುತ್ತ ಯಾರು ಏನು ಮಾಡುತ್ತಿದ್ದರೆಂಬುದನ್ನು ಆ ಗಳಿಗೆಯಲ್ಲಿ ನಾನು ನೋಡಲಿಲ್ಲ; ಮಸುಕು ಗಾಜಿನ ಮೇಲೆ ಮೂಡಿದ್ದನ್ನು ಮಾತ್ರ ನೋಡಿದೆ.

ಹಳೆಯ ಪೆಟ್ಟಿಗೆ ಕ್ಯಾಮೆರಾದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ. ತಾಳೆಯ ಬೊಡ್ಡೆಗಳಂಥ ಕಂದು ಕಂಬಗಳು ಮೇಲಿನಿಂದ ಇಳಿಬಿದ್ದಿದ್ದವು. ಅವು ನಾಯಿಯ ಕಿವಿಯ ಕೂದಲು. ಅವುಗಳ ನಡುವೆ ಬೂದುಬಣ್ಣದ, ನುಣುಪಾದ, ಗಾಳಿ ತುಂಬಿದ ತೊಗಲಿನಂತೆ ಬಿಗಿದ ಒಂದು ಗುಂಡು. ಅದರ ತುದಿಯಲ್ಲಿ, ಚರ್ಮಕ್ಕೆ ಅಂಟಿಕೊಂಡ ಕಡೆಯಲ್ಲಿ, ಪುಟ್ಟ ಕಾಲುಗಳು. ಬಿಸಿಲು ತಾಗಿದ್ದಕ್ಕೋ ಏನೋ, ಅವು ಒಂದೊಂದಾಗಿ ಮಡಚಿ ಬಿಚ್ಚಿದವು. ಅದು ಏನೆಂದು ನನಗೆ ಮೊದಲೇ ಹೇಳಿದ್ದರು. ಹಿಂದಿನ ದಿನದವರೆಗೆ ನಮ್ಮ ಮನೆಯವರೆಲ್ಲ ಅದನ್ನು ನರಹುಲಿ ಎಂದೇ ತಿಳಿದಿದ್ದೆವು.

ಇಷ್ಟಕ್ಕೆ ಹೇಗೆ ಬಂದಿತೆಂಬುದನ್ನು ಹೇಳಬೇಕು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಫೋಟೋ ಅಂಗಡಿ ಇತ್ತು. ಮದುವೆಯ ಜೋಡಿಗಳು, ಹೊಸ ಟೋಪಿ ಹಾಕಿಕೊಂಡ ಗುಮಾಸ್ತರು, ತೀರಿಕೊಂಡ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ ತಂದವರು, ಇವರೇ ನನ್ನ ಗಿರಾಕಿಗಳು. ಯುದ್ಧದಿಂದಾಗಿ ಹುಬ್ಬಳ್ಳಿಯಿಂದ ಬರುವ, ಚಿತ್ರ ಮೂಡಿಸುವ ಗಾಜಿನ ಪ್ಲೇಟುಗಳು ಕಡಿಮೆಯಾಗಿದ್ದವು. ಮನೆಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಮತ್ತು ನನ್ನ ಅಣ್ಣನ ಮಗಳು. ಅಣ್ಣ ಅತ್ತಿಗೆ ಸಿದ್ದಾಪುರದ ಕಡೆ ಹೊಲ ನೋಡಿಕೊಂಡಿದ್ದರು. ಮಗಳು ಸಾಲಿ ಕಲಿಯಲೆಂದು ನಮ್ಮಲ್ಲಿ ಇದ್ದಳು. ಆರೇಳು ವರ್ಷದ ಹುಡುಗಿ, ಉದ್ದ ಜಡೆ.

ಮದುವೆಯಾಗಿ ಒಂದು ವರ್ಷ ತುಂಬಿರಲಿಲ್ಲ. ನನ್ನ ಹೆಂಡತಿ ಕುಕನೂರಿನವಳು. ದೀಪಾವಳಿಗೆ ತವರಿಗೆ ಹೋದವಳು ತಿರುಗಿ ಬರುವಾಗ ಬಂಡಿಯ ಹಿಂದೆ ಒಂದು ಕೆಂಚು ಹೆಣ್ಣುನಾಯಿ ಓಡಿಬಂತು. ಎರಡು ಸಲ ಇಳಿದು ಗದರಿಸಿದರೂ ತಿರುಗಲಿಲ್ಲವಂತೆ. ಮೂರನೆಯ ಸಲ ಅವಳೇ ಅದನ್ನು ಬಂಡಿಯೊಳಗೆ ಎತ್ತಿಕೊಂಡಳು. ಅದು ಹುಟ್ಟಿದ್ದೇ ಅವಳ ಕೈಯಲ್ಲಿ. ತಾಯಿ ಸತ್ತ ಮರಿಗೆ ಬತ್ತಿಯಲ್ಲಿ ಹಾಲು ಹಿಂಡಿ ಬೆಳೆಸಿದ್ದಳು.

ಅವ್ವ ಮೊದಲ ದಿನ ಬೈಯಲಿಲ್ಲ. ಸೊಸೆ ತವರಿನಿಂದ ಸೀರೆ ತರುತ್ತಾಳೆ, ಕೊಬ್ಬರಿ ತರುತ್ತಾಳೆ, ಇವಳು ನಾಯಿ ತಂದಳು ಎಂದು ನೆರೆಮನೆಯವರ ಮುಂದೆ ನಕ್ಕಳು. ಆ ನಗೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ನಾಯಿಗೆ ಹಿತ್ತಲು ಮಾತ್ರ, ಹೊಸ್ತಿಲು ದಾಟುವಂತಿಲ್ಲ ಎಂಬ ಕಟ್ಟಳೆಯಾಯಿತು. ನಾಯಿ ಅದನ್ನು ಪಾಲಿಸಿತು. ಅಣ್ಣನ ಮಗಳು ಪಾಲಿಸಲಿಲ್ಲ. ಸಾಲಿಯಿಂದ ಬಂದವಳೇ ಹಿತ್ತಲಿಗೆ ಓಡಿ ಅದರ ಕೊರಳು ತಬ್ಬಿಕೊಂಡು ಕೂರುತ್ತಿದ್ದಳು.

ಚಳಿ ಬಿದ್ದ ಮೇಲೆ ನಾಯಿ ಕೆರೆದುಕೊಳ್ಳತೊಡಗಿತು. ಹಿಂಗಾಲಿನಿಂದ ಕೊರಳು ಕೆರೆಯುವುದು, ಬಾಲದ ಬುಡವನ್ನು ಹಲ್ಲಿನಿಂದ ಕಚ್ಚಿಕೊಳ್ಳುವುದು, ತಲೆ ಕೊಡವುವುದು. ಕಿವಿಯೊಳಗೆ ಒಂದು ಗಂಟು ಕಾಣಿಸಿತು. ಮೊದಲು ಎಳ್ಳಿನಷ್ಟು, ಆಮೇಲೆ ತೊಗರಿಕಾಳಿನಷ್ಟು. ನಮ್ಮ ಕಡೆ ನರಹುಲಿಗೆ ಕುದುರೆಯ ಬಾಲದ ಕೂದಲು ಕಟ್ಟುತ್ತಾರೆ. ಬಿಗಿದು ಕಟ್ಟಿದರೆ ಒಣಗಿ ಉದುರುತ್ತದೆಂಬ ನಂಬಿಕೆ. ನನ್ನ ಹೆಂಡತಿ ಜಟಕಾದವನ ಹತ್ತಿರ ಕೂದಲು ಕೇಳಿ ತಂದು, ಉಸಿರು ಬಿಗಿಹಿಡಿದು, ಆ ಗಂಟಿನ ಬುಡಕ್ಕೆ ಕಟ್ಟಿದಳು. ಮರುದಿನ ಗಂಟು ಇನ್ನೂ ದೊಡ್ಡದಾಗಿತ್ತು. ಔಷಧಿ ಹತ್ತಲಿಲ್ಲವೆಂದು ಅವಳಿಗೆ ಚಿಂತೆಯಾಯಿತು.

ಅಷ್ಟರಲ್ಲಿ ಹುಡುಗಿಯ ತಲೆಯಲ್ಲಿ ಹೇನು ಕಂಡವು.

ಮಧ್ಯಾಹ್ನದ ಊಟವಾದ ಮೇಲೆ ಓಣಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಒಬ್ಬರ ಹಿಂದೆ ಒಬ್ಬರು ಕುಳಿತು ತಲೆ ನೋಡುವುದು, ಮಾತಾಡುವುದು. ಅವ್ವ ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ ಕೂರುತ್ತಿದ್ದಳು. ಅವಳ ಕಣ್ಣು ಚುರುಕು, ಉಗುರು ಗಟ್ಟಿ. ಅವಳ ಮಡಿಲಿಗೆ ಬಂದ ತಲೆಯಿಂದ ಹೇನು ತಪ್ಪಿಸಿಕೊಂಡದ್ದಿಲ್ಲ ಎಂದು ಓಣಿಯಲ್ಲಿ ಹೆಸರಿತ್ತು. ಆ ದಿನ ಮೊಮ್ಮಗಳ ತಲೆ ಬಗೆದಳು. ಆಮೇಲೆ ಒಂದು ಹೇನನ್ನು ಹೆಬ್ಬೆರಳ ಉಗುರಿನ ಮೇಲಿಟ್ಟು ಬಿಸಿಲಿಗೆ ಹಿಡಿದು ನೋಡಿದಳು. ಕುಕ್ಕಲಿಲ್ಲ. ಹಾಗೇ ಎದ್ದು ಹಿತ್ತಲಿಗೆ ಹೋಗಿ, ಮೊದಲ ಸಲ ನಾಯಿಯ ಹತ್ತಿರ ಬಗ್ಗಿ ಅದರ ಕೊರಳ ಕೂದಲು ಸರಿಸಿದಳು. ಅಲ್ಲಿಯೂ ಹೇನಿದ್ದವು.

ತೀರ್ಮಾನ ಅಲ್ಲಿಯೇ ಆಯಿತು. ಹೊಸಪೇಟೆಗೆ ಹೋಗುವ ಬಂಡಿಯವನೊಬ್ಬ ಪ್ರತಿ ಅಮಾವಾಸ್ಯೆ ಮುಗಿಸಿಕೊಂಡು ನಮ್ಮ ಓಣಿಯಿಂದ ಹೊರಡುತ್ತಿದ್ದ. ಅವನ ಬಂಡಿಯಲ್ಲಿ ನಾಯಿಯನ್ನು ಹಾಕಿ ತುಂಗಭದ್ರೆ ದಾಟಿಸಿ ಬಿಡಬೇಕು.

“ಹೊಳಿ ದಾಟಿಸಿದ ನಾಯಿ ತಿರುಗಿ ಬರೂದಿಲ್ಲ,” ಎಂದಳು ಅವ್ವ.

ನನ್ನ ಹೆಂಡತಿ ಒಲೆಯ ಮುಂದೆ ರಾತ್ರಿಯ ಊಟಕ್ಕೆ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸಪ್ಪಳ ನಿಂತಿತು. ಅವಳು ಅತ್ತೆಗೆ ಎದುರಾಡುವವಳಲ್ಲ. ಮತ್ತೆ ತಟ್ಟತೊಡಗಿದಳು. ಆದರೆ ಆ ದಿನ ಅವಳು ಮಾಡಿದ ರೊಟ್ಟಿ ಒಂದೂ ದುಂಡಗಿರಲಿಲ್ಲ. ಊಟಕ್ಕೆ ಕುಳಿತಾಗ ಅವ್ವ ಅದನ್ನು ನೋಡಿದಳು, ನಾನೂ ನೋಡಿದೆ.

ಹಿತ್ತಲಿಗೆ ನೀರು ತರಲು ಹೋದಾಗ ಹೆಂಡತಿ ನನಗೆ ಹೇಳಿದ್ದು ಇಷ್ಟೇ: “ಅದನ್ನ ಹೊಳಿ ದಾಟಿಸೂ ಮುಂದ ದನದ ದವಾಖಾನಿಗಾರ ತೋರಿಸ್ರಿ. ಹೇನಿನ ಔಷಧ ಅವರ ಹಂತ್ಯಾಕ ಇರ್ಬೇಕಲ್ಲ.”

ಮರುದಿನ ನಾಯಿಯನ್ನು ಹಗ್ಗ ಹಾಕಿ ಕರೆದೊಯ್ದೆ. ದನದ ದವಾಖಾನೆಯ ಡಾಕ್ಟರು ಗುಲಬರ್ಗಾ ಕಡೆಯ ಮುಸಲ್ಮಾನರು. ಉರ್ದು ಬೆರೆತ ಕನ್ನಡ, ಬಿಳಿಯ ಗಡ್ಡ, ಸದಾ ಜೇಬಿನಲ್ಲಿ ಒಂದು ಭೂತಗನ್ನಡಿ. ಎತ್ತು ಎಮ್ಮೆಗಳ ನಡುವೆ ನಾಯಿ ಬಂದದ್ದು ಅವರಿಗೆ ಖುಷಿಯಾಯಿತು. ಅವರು ಅದನ್ನು ಮೇಜಿನ ಮೇಲೆ ಮಲಗಿಸಿ, ಬಾಲದಿಂದ ಮೂತಿಯವರೆಗೆ ಕೂದಲನ್ನು ಎದುರುದಿಕ್ಕಿಗೆ ಸವರುತ್ತ ಹೋದರು. ಬಾಲದ ಬುಡದಲ್ಲಿ ಕರಿಮೆಣಸಿನ ಹುಡಿ ಉದುರಿಸಿದಂಥ ಕಪ್ಪು ಕಣಗಳಿದ್ದವು. ಅವುಗಳಲ್ಲಿ ಒಂದಿಷ್ಟನ್ನು ಒದ್ದೆ ಅರಿವೆಯ ಮೇಲೆ ಒರೆಸಿ ತೋರಿಸಿದರು. ಕಣದ ಸುತ್ತ ಕೆಂಪು ಹರಡಿತು. ಚಿಗಟದ ಹಿಕ್ಕೆ, ಅದು ಕುಡಿದ ರಕ್ತವೇ ಹೀಗೆ ಒಣಗಿ ಬಿದ್ದಿರುತ್ತದೆ ಎಂದರು. ಕೊರಳಲ್ಲಿ ಹೇನು. ಕಿವಿ ತಿರುವಿದವರು, ಇದು ರಕ್ತ ಕುಡಿಯುವ ಹುಳ, ಉಣ್ಣೆ, ಇದಕ್ಕೆ ದಾರ ಕಟ್ಟಿದವರು ಯಾರೆಂದು ಕೇಳಿದರು. ನರಹುಲಿ ಎಂದುಕೊಂಡಿದ್ದೆವೆಂದೆ. ಅವರು ನಗಲಿಲ್ಲ, ಬಹಳ ಅಚ್ಚುಕಟ್ಟಾದ ಗಂಟು, ನಿಮ್ಮ ಮನೆಯವರನ್ನು ನನ್ನ ದವಾಖಾನೆಗೆ ಕಳಿಸಿ ಎಂದರು. ಆಮೇಲೆ ನಕ್ಕರು.

ನಾನು ಮನೆಯ ಸಂಗತಿ ಹೇಳಿದೆ. ಅವರು ತಲೆಯಾಡಿಸಿದರು. ನಾಯಿಯ ಹೇನು ಮನುಷ್ಯರ ತಲೆಯಲ್ಲಿ ಬದುಕುವುದಿಲ್ಲ, ಮನುಷ್ಯರ ಹೇನು ನಾಯಿಯ ಮೇಲೆ ಬದುಕುವುದಿಲ್ಲ ಎಂದರು. ಚಿಗಟವಾದರೆ ಯಾರನ್ನಾದರೂ ಕಚ್ಚೀತು, ಹೇನು ಹಾಗಲ್ಲ. ಇದನ್ನು ನನ್ನ ಅವ್ವನಿಗೆ ನೀವೇ ಹೇಳಬೇಕೆಂದು ಕೇಳಿಕೊಂಡೆ. ಸಂಜೆ ದವಾಖಾನೆ ಮುಚ್ಚಿ ಅವರು ನನ್ನೊಡನೆ ನಮ್ಮ ಮನೆಗೆ ಬಂದರು.

ಅವ್ವ ಅವರಿಗೆ ಕುರ್ಚಿ ಹಾಕಿಸಿ, ಚಹಾ ಕೊಡಿಸಿ, ಹೇಳಿದ್ದನ್ನೆಲ್ಲ ಕೇಳಿದಳು. ನಂಬಲಿಲ್ಲ.

“ಹೇನೇನು ಜಾತಿ ಕೇಳಿ ಮೈ ಏರತೈತೇನ್ರಿ ಸಾಹೇಬ್ರ?”

“ಕೇಳತೈತ್ರಿ ಅವ್ವಾರ,” ಎಂದರು ಡಾಕ್ಟರು. “ನಮ್ಮಕಿಂತ ಛಲೋ ಕೇಳತೈತಿ.”

ಅವ್ವ ನಕ್ಕಳು, ಆದರೆ ಸೋಲಲಿಲ್ಲ. ನಾಯಿಯ ಮೇಲೆ ಕಂಡದ್ದೂ ಹೇನು, ಹುಡುಗಿಯ ತಲೆಯಲ್ಲಿ ಕಂಡದ್ದೂ ಹೇನು, ಹುಡುಗಿ ನಾಯಿಯನ್ನು ತಬ್ಬುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ, ಇನ್ನೇನು ಬೇಕು ಎಂದಳು. ಡಾಕ್ಟರು ತಮ್ಮ ಭೂತಗನ್ನಡಿ ಕೊಟ್ಟರು. ಅವ್ವನ ಕಣ್ಣು ಹತ್ತಿರದ್ದನ್ನು ಬರಿಗಣ್ಣಿನಿಂದ ನೋಡಿ ರೂಢಿಯಾದದ್ದು. ಕನ್ನಡಿಯಲ್ಲಿ ಅವಳಿಗೆ ತನ್ನ ಬೆರಳಿನ ಗೆರೆಗಳಷ್ಟೇ ಕಂಡವು. ತಿರುಗಿ ಕೊಟ್ಟಳು.

ಆಗ ಡಾಕ್ಟರು ನನ್ನ ಅಂಗಡಿಯ ಗೋಡೆಯ ಮೇಲಿದ್ದ ದೊಡ್ಡ ಫೋಟೋಗಳನ್ನು ನೋಡುತ್ತ, ಮನುಷ್ಯನ ಮುಖವನ್ನು ಇಷ್ಟು ದೊಡ್ಡದು ಮಾಡುವವನು ಹೇನನ್ನು ಮಾಡಲಾರನೇ ಎಂದು ಕೇಳಿದರು. ದವಾಖಾನೆಯ ಗೋಡೆಗೆ ಅಂಥ ಒಂದು ಚಿತ್ರ ಬೇಕೆಂದು ಬಹಳ ದಿನದ ಆಸೆಯಂತೆ. ಎಷ್ಟು ಸಲ ಬಾಯಿಂದ ಹೇಳಿದರೂ ರೈತರು ಉಣ್ಣೆಯನ್ನು ಕಿತ್ತು ಒಗೆದು ಕೈ ತೊಳೆದುಕೊಳ್ಳುತ್ತಾರೆ, ಅದು ಅಡಗುವ ಗೋಡೆಯ ಸಂದಿಗಳನ್ನು ನೋಡುವುದಿಲ್ಲ ಎಂದರು. ಅವ್ವ ಒಪ್ಪಿದಳು. ಆದರೆ ಒಂದು ಮಾತು ಸೇರಿಸಿದಳು: ಹುಡುಗಿಯ ತಲೆಯ ಹೇನಿನದೂ ಫೋಟೋ ಆಗಬೇಕು, ಎರಡನ್ನೂ ಮಗ್ಗುಲಿಗೆ ಇಟ್ಟು ತೋರಿಸಬೇಕು. ಎರಡೂ ಒಂದೇ ಆಗಿದ್ದರೆ ನಾಯಿ ಹೊಳೆ ದಾಟಬೇಕು. ಬೇರೆ ಬೇರೆಯಾಗಿದ್ದರೆ ಇರಲಿ. ಇದು ಅವಳೇ ಹಾಕಿದ ಕರಾರು.

ಒಳಗೆ ನಿಂತು ಕೇಳುತ್ತಿದ್ದ ನನ್ನ ಹೆಂಡತಿಯ ಬಳೆ ಸಪ್ಪಳವಾಯಿತು.

ನಾನು ಅಂಥ ಕೆಲಸ ಹಿಂದೆ ಮಾಡಿರಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಒಂದು ಉಪಾಯ ಮಾಡಿದೆ. ನನ್ನ ದೊಡ್ಡ ಕ್ಯಾಮೆರಾಕ್ಕೆ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಚಾಚುವ ಉದ್ದನೆಯ ತೊಗಲಿತ್ತು. ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾದ ಲೆನ್ಸನ್ನು ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ, ದೊಡ್ಡ ಕ್ಯಾಮೆರಾದ ಮುಂದೆ ರಟ್ಟಿನಲ್ಲಿ ಕೂರಿಸಿದೆ. ತೊಗಲನ್ನು ಪೂರ್ತಿ ಚಾಚಿದೆ. ಲೆನ್ಸಿನ ಮುಂದೆ ಬೆರಳಿಟ್ಟು ನೋಡಿದರೆ ಉಗುರಿನ ಒಂದು ಮೂಲೆಯೇ ಗಾಜನ್ನೆಲ್ಲ ತುಂಬಿತು. ಆದರೆ ಬೆಳಕು ಬಹಳ ಕಡಿಮೆ. ಉಗುರಿನ ಅಂಚು ಸ್ಪಷ್ಟವಾದರೆ ನಡು ಮಸುಕು, ನಡು ಸ್ಪಷ್ಟವಾದರೆ ಅಂಚು ಮಸುಕು. ಲೆನ್ಸಿನ ಕಂಡಿಯನ್ನು ಕಿರಿದು ಮಾಡಿದರೆ ಹೆಚ್ಚು ಭಾಗ ಸ್ಪಷ್ಟವಾಗುತ್ತದೆ. ಆದರೆ ಇನ್ನೂ ಕತ್ತಲಾಗುತ್ತದೆ. ಆದ್ದರಿಂದ ಕನ್ನಡಿಯಿಂದ ಬಿಸಿಲು ಹಾಯಿಸಬೇಕು, ಪ್ಲೇಟನ್ನು ಬಹಳ ಹೊತ್ತು ತೆರೆದಿಡಬೇಕು, ಅಷ್ಟು ಹೊತ್ತು ನಾಯಿ ಅಲುಗಾಡಬಾರದು.

ಹೀಗೆ ನಾವು ಆ ಬೆಳಿಗ್ಗೆ ಹಿತ್ತಲಿನಲ್ಲಿ ಸೇರಿದೆವು. ನನ್ನ ಹೆಂಡತಿ ಕಟ್ಟೆಯ ಮೇಲೆ ಕುಳಿತಿದ್ದಳು. ನಾಯಿ ಅವಳ ತೊಡೆಗೆ ಒರಗಿ ಮಲಗಿತ್ತು. ಅದರ ಕಿವಿಯನ್ನು ರೊಟ್ಟಿ ಬಡಿಯುವ ಹಳೆಯ ಹಲಗೆಯ ಮೇಲೆ ಮಗುಚಿ, ಅಂಚನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಹಲಗೆ ಇಟ್ಟಿದ್ದಕ್ಕೆ ಅವ್ವ ಏನೂ ಅನ್ನದಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಡಾಕ್ಟರು ನನ್ನ ಅಂಗಡಿಯ ದೊಡ್ಡ ಕನ್ನಡಿ ಹಿಡಿದು ಬಿಸಿಲನ್ನು ಕಿವಿಯ ಮೇಲೆ ಬೀಳಿಸುತ್ತಿದ್ದರು. ಹುಡುಗಿ ಮೆಟ್ಟಿಲ ಮೇಲೆ. ಅವ್ವ ಹೊಸ್ತಿಲ ಒಳಗೆ, ಕೈಕಟ್ಟಿ.

ಮೊದಲ ಪ್ಲೇಟು ಹಾಳಾಯಿತು. ನಾಯಿ ಉಸಿರಾಡಿದ್ದೇ ಸಾಕಾಗಿತ್ತು. ಎರಡನೆಯದೂ ಹಾಳಾಯಿತು, ಡಾಕ್ಟರು ಸೀನಿದರು. ಹುಬ್ಬಳ್ಳಿಯ ಪ್ಲೇಟು ಇನ್ನೆಷ್ಟು ಉಳಿದವೆಂದು ನಾನು ಬೆರಳು ಮಡಚಿ ಎಣಿಸಿದೆ. ಹೆಂಡತಿ ನಾಯಿಯ ಇನ್ನೊಂದು ಕಿವಿಗೆ ಬಾಯಿ ಇಟ್ಟು ಏನೋ ಗುನುಗತೊಡಗಿದಳು. ನಾಯಿ ಕಣ್ಣು ಮುಚ್ಚಿತು. ಆಮೇಲೆ ಅವಳೂ ಉಸಿರು ಬಿಗಿಹಿಡಿದಳು. ಎಲ್ಲರೂ ಹಿಡಿದೆವು. ನಾನು ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲಿ ಎಣಿಸಿ, ಮತ್ತೆ ಮುಚ್ಚಿದೆ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಹಿಂದೆ ಹೊಸ್ತಿಲ ಕಡೆಯಿಂದಲೂ ಉಸಿರು ಬಿಟ್ಟ ಸಪ್ಪಳ ಕೇಳಿತು.

ಚಿಗಟದ ಕೆಲಸ ಬೇರೆ. ಅದು ನಾಯಿಯ ಮೇಲೆ ನಿಲ್ಲುವುದೇ ಇಲ್ಲ. ಕೂದಲ ನಡುವೆ ಓಡುತ್ತದೆ, ಬೆರಳು ತಾಗಿದರೆ ಜಿಗಿಯುತ್ತದೆ. ಡಾಕ್ಟರು ಸಾಬೂನು ನೀರಿನಲ್ಲಿ ಬೆರಳು ಅದ್ದಿ, ಬಾಲದ ಬುಡದಲ್ಲಿ ಒಂದನ್ನು ಒತ್ತಿ ಹಿಡಿದು, ಬಟ್ಟಲಿನ ಸಾಬೂನು ನೀರಿಗೆ ಹಾಕಿದರು. ಅದು ಸತ್ತ ಮೇಲೆ ತೆಗೆದು ನಾಯಿಯ ಕೂದಲ ಮೇಲೇ ಇಟ್ಟೆವು. ಹೇಗೆ ಇಟ್ಟರೂ ಅದು ಮಗ್ಗುಲಿಗೇ ಬೀಳುತ್ತಿತ್ತು. ಹುಡುಗಿಯ ತಲೆಯ ಹೇನನ್ನು ಅವ್ವ ತಾನೇ ತೆಗೆದು, ಕಾಗದದ ಮೇಲಿಟ್ಟು, ಮೊಮ್ಮಗಳ ಉದುರಿದ ಒಂದು ಕೂದಲನ್ನೂ ಜೊತೆಗಿಟ್ಟು ಕೊಟ್ಟಳು. ಆ ಹೇನು ಕೂದಲನ್ನು ಹಿಡಿದುಕೊಂಡು ಅಲ್ಲಾಡದೆ ಕುಳಿತಿತು. ಅದು ಎಲ್ಲರಿಗಿಂತ ಸಾಧು ಗಿರಾಕಿ ಎಂದು ಡಾಕ್ಟರು ಅಂದರು.

ಪ್ಲೇಟು ತೊಳೆದು ಒಣಗಿಸಿ, ಕಿಟಕಿಯ ಬೆಳಕಿನಿಂದ ದೊಡ್ಡ ಕಾಗದಕ್ಕೆ ಇಳಿಸಲು ಎರಡು ದಿನ ಹಿಡಿಯಿತು. ಒದ್ದೆ ಚಿತ್ರಗಳನ್ನು ಅಂಗಡಿಯಲ್ಲಿ ದಾರಕ್ಕೆ ಸಿಕ್ಕಿಸಿದ್ದೆ. ಫೋಟೋ ತೆಗೆಸಿಕೊಳ್ಳಲು ಬಂದ ಕುಷ್ಟಗಿಯ ವ್ಯಾಪಾರಿಯೊಬ್ಬರು ಉಣ್ಣೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಇಷ್ಟು ಛಲೋ ಕುಂಬಳಕಾಯಿ ಯಾವ ಊರಿನದೆಂದು ಕೇಳಿದರು. ಹೇಳಿದ ಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. ಆ ದಿನ ತೆಗೆದ ಅವರ ಫೋಟೋದಲ್ಲಿ ಅವರ ಕೈ ಅಂಗಿಯ ಕೊರಳಪಟ್ಟಿಯನ್ನು ಕೆರೆಯುತ್ತಿದೆ.

ಮೂರನೆಯ ದಿನ ಡಾಕ್ಟರು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಚಿತ್ರಗಳನ್ನು ಹರಡಿದೆ. ಅವುಗಳಲ್ಲಿ ಕಂಡದ್ದನ್ನು ಈಗ ನನಗೆ ನೆನಪಿರುವಂತೆ ಬರೆಯುತ್ತೇನೆ.

ಮೊದಲನೆಯದು ಕಿವಿ. ಹೊಟ್ಟೆ ಉಬ್ಬಿದ ಹೆಣ್ಣು ಉಣ್ಣೆ. ತಲೆ, ಎದೆ, ಹೊಟ್ಟೆ ಎಂಬ ಭಾಗಗಳೇ ಇಲ್ಲ, ಎಲ್ಲವೂ ಒಂದೇ ಚೀಲ. ಮುಂದುಗಡೆ ಎರಡೂ ಪಕ್ಕ ನಾಲ್ಕು ನಾಲ್ಕು ಕಾಲು, ಆ ಮೈಗೆ ಸಾಲದ ಕಾಲು. ಬಾಯಿ ಚರ್ಮದೊಳಗೆ ಹೂತಿತ್ತು. ಹಿಂದೆ ಕುದುರೆ ಕೂದಲಿನ ಗಂಟು ಹಗ್ಗದಷ್ಟು ದಪ್ಪವಾಗಿ ಕಾಣುತ್ತಿತ್ತು. ಅದರ ಮಗ್ಗುಲಲ್ಲೇ ಅಗಸೆ ಬೀಜದಂತೆ ಚಪ್ಪಟೆಯಾದ ಇನ್ನೊಂದು ಸಣ್ಣ ಉಣ್ಣೆ; ಅದು ಗಂಡು ಎಂದರು ಡಾಕ್ಟರು. ಗಂಡು ಎಷ್ಟು ಕುಡಿದರೂ ಹೀಗೆ ಉಬ್ಬುವುದಿಲ್ಲವಂತೆ. ಅವ್ವ ಸೊಸೆಯ ಕಡೆ ನೋಡಿ, ತವರಿನಿಂದ ಗಂಡ ಹೆಂಡಿರ ಸಂಸಾರವನ್ನೇ ತಂದಿದ್ದೀ ಎಂದಳು.

ಎರಡನೆಯದು ಚಿಗಟ. ಅದು ನೋಡಲು ಚೆಂದವಿತ್ತೆಂದು ಹೇಳಿದರೆ ನಂಬಬೇಕು. ಎರಡು ಕಡೆಯಿಂದ ಒತ್ತಿದಂತೆ ತೆಳುವಾದ ಮೈ, ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಹೊಳೆಯುವ ಬೆನ್ನು. ರೋಮಗಳೆಲ್ಲ ಹಿಂದಕ್ಕೆ ಬಾಗಿದ್ದವು. ಕೆನ್ನೆಯ ಕೆಳಗೆ ಬಾಚಣಿಗೆಯ ಹಲ್ಲಿನಂಥ ಕಪ್ಪು ಮುಳ್ಳಿನ ಸಾಲು, ಕೊರಳ ಹಿಂದೆ ಇನ್ನೊಂದು ಸಾಲು. ಆರು ಕಾಲು, ಹಿಂದಿನವು ಮಿಡತೆಯ ಕಾಲಿನಂತೆ ಉದ್ದ. ರೆಕ್ಕೆಯಿಲ್ಲ. ಇಷ್ಟು ತೆಳ್ಳಗಿರುವುದಕ್ಕೇ ಕೂದಲ ನಡುವೆ ಸಿಕ್ಕಿಕೊಳ್ಳದೆ ಓಡುತ್ತದೆ ಎಂದರು ಡಾಕ್ಟರು.

ಆಮೇಲೆ ಎರಡು ಹೇನು. ಇವನ್ನು ನಾನು ಮಗ್ಗುಲಿಗೆ ಮಗ್ಗುಲು ಇಟ್ಟೆ. ಕತ್ತಲೆಕೋಣೆಯಲ್ಲಿ ಅವನ್ನು ನಾನು ಮೊದಲೇ ನೋಡಿದ್ದೆ. ಹೆಂಡತಿಗೂ ಹೇಳಿರಲಿಲ್ಲ; ಅವ್ವನ ಕರಾರು ಅವ್ವನ ಕಣ್ಣ ಮುಂದೆಯೇ ತೀರಲಿ ಎಂದುಕೊಂಡಿದ್ದೆ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ನಾಯಿಯ ಹೇನು ಕಿವಿಯ ಚಿತ್ರದ ಒಂದು ಮೂಲೆಯಲ್ಲೇ ಸಿಕ್ಕಿತ್ತು. ಅದನ್ನು ಬೇರೆಯಾಗಿ ದೊಡ್ಡದು ಮಾಡಿದ್ದೆ. ಕುಳ್ಳಗೆ, ಅಗಲವಾಗಿ, ಮೇಲಿನಿಂದ ತುಳಿದಂತೆ ಚಪ್ಪಟೆ. ತಲೆ ಮಾತ್ರ ದೊಡ್ಡದು, ಎದೆಗಿಂತ ಅಗಲ, ಮುಂದೆ ಮೊಂಡು. ಬಾಯಿಂದಲೇ ಕೂದಲನ್ನು ಕಚ್ಚಿ ಹಿಡಿದಿತ್ತು. ಇದು ರಕ್ತ ಹೀರುವ ಹೇನಲ್ಲ, ಚರ್ಮದ ಹೊಟ್ಟು ಕಡಿದು ತಿನ್ನುವ ಹೇನು ಎಂದರು ಡಾಕ್ಟರು. ಹುಡುಗಿಯ ತಲೆಯದು ಉದ್ದ. ತಲೆ ಚಿಕ್ಕದು, ಮುಂದಕ್ಕೆ ಕಿರಿದು. ಹೊಟ್ಟೆಯ ಎರಡೂ ಅಂಚು ಕಚ್ಚುಕಚ್ಚಾಗಿತ್ತು, ಒಳಗೆ ಕುಡಿದ ರಕ್ತ ಕಪ್ಪಗೆ ಕಾಣುತ್ತಿತ್ತು. ಆರು ಕಾಲುಗಳ ತುದಿಯಲ್ಲೂ ಒಂದೊಂದು ಕುಡುಗೋಲು. ಕೂದಲು ಆ ಕುಡುಗೋಲಿನ ಬಾಗಿನಲ್ಲಿ ಸರಿಯಾಗಿ ಕೂತಿತ್ತು, ಅಳತೆ ಕೊಟ್ಟು ಮಾಡಿಸಿದ ಹಾಗೆ.

ಅವ್ವ ಎರಡನ್ನೂ ಕೈಯಲ್ಲಿ ಹಿಡಿದು ದೂರ ಮಾಡಿ ನೋಡಿದಳು. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ನೋಡಿದಳು. ಇದರ ತಲೆಯ ಮೇಲೆ ಬೆರಳಿಟ್ಟಳು, ಅದರ ತಲೆಯ ಮೇಲೆ ಬೆರಳಿಟ್ಟಳು.

“ಇವು ಅಕ್ಕತಂಗ್ಯಾರೂ ಅಲ್ಲ,” ಎಂದಳು ಕಡೆಗೆ.

ನನ್ನ ಹೆಂಡತಿ ಚೌಕಟ್ಟು ಬಿಟ್ಟು ಒಳಗೆ ಹೋದಳು. ಅಡುಗೆಮನೆಯಲ್ಲಿ ಏನೋ ಪಾತ್ರೆ ಬಿತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿ ಬಂದು ಅಲ್ಲೇ ನಿಂತಳು.

ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಅವ್ವ ಅರ್ಧ ತಿಳಿದು ಬಿಡುವವಳಲ್ಲ. ಹಾಗಾದರೆ ಹುಡುಗಿಗೆ ಇವು ಎಲ್ಲಿಂದ ಬಂದವೆಂದು ಡಾಕ್ಟರನ್ನು ಕೇಳಿದಳು. ಇನ್ನೊಂದು ತಲೆಯಿಂದಲೇ ಬರಬೇಕು, ತಲೆಗೆ ತಲೆ ತಾಗಿ ಬರುತ್ತವೆ ಎಂದರು ಅವರು. ಸಾಲಿಯ ಹುಡುಗಿಯರ ತಲೆಗಳನ್ನೆಲ್ಲ ನಾನು ನೋಡಿದ್ದೇನೆ, ಓಣಿಯವರದೂ ನೋಡಿದ್ದೇನೆ, ಸೊಸೆಯದು ವಾರಕ್ಕೊಮ್ಮೆ ನೋಡುತ್ತೇನೆ, ಒಂದರಲ್ಲೂ ಇಲ್ಲ ಎಂದಳು ಅವ್ವ.

ಡಾಕ್ಟರು ತಮ್ಮ ಸಹಜ ರೀತಿಯಲ್ಲಿ ಕೇಳಿದರು, “ಹುಡುಗಿ ಯಾರ ಬಾಜೂಕ ಮಲಗತಾಳ್ರಿ?”

“ನನ್ನ ಮಗ್ಗಲಾಗ,” ಎಂದಳು ಅವ್ವ.

ಅವಳ ಕೈ ತಾನಾಗಿ ತಲೆಯ ಸೆರಗಿನ ಕಡೆ ಹೋಗಿ ಅರ್ಧದಲ್ಲಿ ನಿಂತಿತು. ನಾನು ಆಗಲೇ ಒಂದು ಸಂಗತಿಯನ್ನು ಯೋಚಿಸಿದ್ದು. ಪಡಸಾಲೆಯ ಆ ಸಾಲಿನಲ್ಲಿ ಅವ್ವ ಯಾವಾಗಲೂ ಎಲ್ಲರಿಗಿಂತ ಹಿಂದೆ. ಅವಳ ಹಿಂದೆ ಗೋಡೆ. ಹಿರಿಯಳಾದವಳ ತಲೆಗೆ ಕೈ ಹಾಕಲು ಓಣಿಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ, ಸೊಸೆಯ ಮಾತಂತೂ ಹೇಳುವುದೇ ಬೇಡ. ಅವ್ವನ ತಲೆ ನೋಡುತ್ತಿದ್ದವಳು ಅವಳ ಅಕ್ಕ. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು.

ಡಾಕ್ಟರಿಗೆ ತಿಳಿಯಿತು. ಚಿತ್ರಗಳನ್ನು ಒಟ್ಟುಮಾಡುತ್ತ, ನಮಾಜಿಗೆ ಹೊತ್ತಾಯಿತೆಂದು ಎದ್ದರು. ಹೊತ್ತಾಗಿರಲಿಲ್ಲ. ಅವರನ್ನು ಕಳಿಸಿ ನಾನು ತಿರುಗಿ ಬರುವಾಗ ಅವ್ವ ಪಡಸಾಲೆಯ ನಡುವೆ, ಗೋಡೆಯಿಂದ ದೂರ, ಬೆಳಕಿಗೆ ಬೆನ್ನು ಮಾಡಿ ಕುಳಿತಿದ್ದಳು. ಸೆರಗು ತೆಗೆದು ತುರುಬು ಬಿಚ್ಚಿದ್ದಳು. ಅವಳ ಬಿಚ್ಚಿದ ಕೂದಲನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟು ಉದ್ದವಿದೆ ಎಂದು ಗೊತ್ತಿರಲಿಲ್ಲ.

“ಬಾ, ನೋಡವಾ,” ಎಂದು ಸೊಸೆಯನ್ನು ಕರೆದಳು. “ನಿನ್ನ ನಾಯಿ ನೋಡೂವಾಗ ಎಷ್ಟ ನೆದರ ಇಟ್ಟ ನೋಡತೀ, ಅಷ್ಟ ನೆದರ ಇಟ್ಟ ನೋಡು.”

ನನ್ನ ಹೆಂಡತಿ ಹಿಂದೆ ಕುಳಿತಳು. ಮೊದಲು ಬೆರಳ ತುದಿಯಿಂದ, ಬಿಸಿ ಪಾತ್ರೆ ಮುಟ್ಟುವವಳಂತೆ. ಆಮೇಲೆ ಎರಡೂ ಕೈಯಿಂದ. ಬೈತಲೆ ತೆಗೆದು ಬಗ್ಗಿದವಳು ತಲೆಯೆತ್ತಿ ನನ್ನ ಮುಖ ನೋಡಿದಳು.

“ಅದಾವ?” ಎಂದಳು ಅವ್ವ.

“ಅದಾವ್ರಿ ಅತ್ತಿ.”

“ಉದ್ದನ್ನವೋ, ದುಂಡನ್ನವೋ?”

“ಉದ್ದನ್ನವು.”

“ಹಂಗಾರ ನಾಯಿವಲ್ಲ ಬಿಡು,” ಎಂದಳು ಅವ್ವ. ಆಮೇಲೆ ಅವಳಿಗೆ ನಗು ಬಂತು. ಹೊಟ್ಟೆಯಿಂದ ಬಂದ ನಗು. ಹೆಗಲು ಕುಣಿಯುತ್ತಿತ್ತು, ಸೊಸೆಯ ಕೈಯಿಂದ ಕೂದಲು ಜಾರಿ ಹೋಯಿತು. ಸೊಸೆಯೂ ನಕ್ಕಳು. ಮೊಮ್ಮಗಳು ಯಾಕೆಂದು ತಿಳಿಯದೆಯೇ ಬಿದ್ದು ಬಿದ್ದು ನಕ್ಕಳು. ನಾಯಿ ಏನಾಯಿತೆಂದು ಹಿತ್ತಲಿನಿಂದ ಬಂದು ಹೊಸ್ತಿಲಾಚೆ ನಿಂತು ಕಿವಿ ನಿಮಿರಿಸಿತು.

ಅಮಾವಾಸ್ಯೆ ಕಳೆದು ಹೊಸಪೇಟೆಯ ಬಂಡಿ ನಮ್ಮ ಬಾಗಿಲಲ್ಲಿ ನಿಂತಾಗ ಅವ್ವ ಬಂಡಿಯವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಅಷ್ಟೊತ್ತಿಗೆ ಮನೆಯಲ್ಲಿ ದೊಡ್ಡ ಕೆಲಸ ನಡೆದಿತ್ತು. ಡಾಕ್ಟರು ಹೇಳಿದಂತೆ ಉಣ್ಣೆಗಳನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಎಳೆದು ಚಿಮಣಿ ಎಣ್ಣೆಗೆ ಹಾಕಿದೆವು. ನಾಯಿಯನ್ನು ಔಷಧದ ನೀರಿನಲ್ಲಿ ಮೀಯಿಸಿದೆವು, ಬೇವಿನೆಣ್ಣೆ ಸವರಿದೆವು. ಅದು ಮಲಗುತ್ತಿದ್ದ ಗೋಣಿಯನ್ನು ಸುಟ್ಟೆವು. ಚಿಗಟದ ಮರಿಗಳು ಹಾಸಿಗೆಯ ಧೂಳಿನಲ್ಲಿ ಬೆಳೆಯುತ್ತವಂತೆ. ಉಣ್ಣೆ ಗೋಡೆಯೇರಿ ಸಂದಿಯಲ್ಲಿ ತತ್ತಿ ಇಡುತ್ತದೆಂದು ತಿಳಿದ ಮೇಲೆ ಅವ್ವ ಹಿತ್ತಲ ಗೋಡೆಯ ಬಿರುಕುಗಳನ್ನೆಲ್ಲ ತಾನೇ ನಿಂತು ಗಾರೆಯಿಂದ ಮುಚ್ಚಿಸಿದಳು. ಒಂದೇ ಸಲಕ್ಕೆ ಮುಗಿಯಲಿಲ್ಲ, ಮತ್ತೆ ಮತ್ತೆ ಮಾಡಬೇಕಾಯಿತು. ಮೂರು ಹೆಂಗಸರ ತಲೆಗಳಿಗೂ ಸಣ್ಣ ಹಲ್ಲಿನ ಬಾಚಣಿಗೆ, ಎಣ್ಣೆ, ಸೀಗೆಕಾಯಿ ದಿನಾ ನಡೆದವು. ಓಣಿಯವರು ಮಧ್ಯಾಹ್ನ ಬಂದಾಗ ಸಾಲು ಬದಲಾಗಿತ್ತು: ಅವ್ವನ ಹಿಂದೆ ಸೊಸೆ.

ಚಿತ್ರಗಳು ದನದ ದವಾಖಾನೆಯ ಗೋಡೆಯ ಮೇಲೆ ಬಹಳ ಕಾಲ ಇದ್ದವು. ಗಂಗಾವತಿ, ಯಲಬುರ್ಗಾದ ಕಡೆಯಿಂದ ಎತ್ತು ಹೊಡೆದುಕೊಂಡು ಬಂದವರು ಅವನ್ನು ನೋಡಿ ತಮ್ಮ ಎತ್ತಿನ ಕಿವಿ ತಿರುವುತ್ತಿದ್ದರೆಂದು ಡಾಕ್ಟರು ಹೇಳುತ್ತಿದ್ದರು. ಗೋಡೆಗೆ ಸುಣ್ಣ ಹೊಡೆಯುವಾಗ ಯಾರೋ ತೆಗೆದರು. ಆಮೇಲೆ ಏನಾದವೋ ನನಗೆ ತಿಳಿಯದು. ಪ್ಲೇಟುಗಳೂ ಒಡೆದುಹೋಗಿವೆ. ಆದ್ದರಿಂದ ನಾನು ಬರೆದದ್ದಕ್ಕೆ ತೋರಿಸಲು ಕಾಗದವಿಲ್ಲ, ಮನುಷ್ಯರಿದ್ದಾರೆ.

ಆ ಪಡಸಾಲೆಯಲ್ಲಿ ಎರಡು ಹೇನುಗಳನ್ನು ಮಗ್ಗುಲಿಗೆ ಮಗ್ಗುಲು ನೋಡಿದವರಲ್ಲಿ ಡಾಕ್ಟರು ಈಗಿಲ್ಲ, ಅವ್ವ ಇಲ್ಲ. ನನ್ನನ್ನು ಬಿಟ್ಟರೆ ಇರುವವರು ಇಬ್ಬರು. ಒಬ್ಬಳು ನನ್ನ ಅಣ್ಣನ ಮಗಳು. ಸಿದ್ದಾಪುರದಲ್ಲಿದ್ದಾಳೆ, ಮೊಮ್ಮಕ್ಕಳ ತಲೆ ನೋಡುತ್ತಾಳೆ, ತನ್ನ ತಲೆಯನ್ನೂ ತೋರಿಸುತ್ತಾಳೆ. ಇನ್ನೊಬ್ಬಳು ನನ್ನ ಹೆಂಡತಿ. ಒಳಗೆ ಇದ್ದಾಳೆ. ಇದನ್ನು ಓದಿ ಹೇಳಿದಾಗ, ಆ ದಿನ ಅಡುಗೆಮನೆಯಲ್ಲಿ ಪಾತ್ರೆ ಬಿದ್ದದ್ದು ಸುಳ್ಳು, ನಾನೇ ಕೆಳಗಿಟ್ಟದ್ದು ಎಂದಳು.